ಜರ್ಮನಿಯ 41 ತಿಂಗಳು, ಬೆಂಗಳೂರಿನ 7 ವರ್ಷ: ಪಿಂಚಣಿಗೆ ಕೂಡಿಸಬಹುದಾ?

ದಾವಣಗೆರೆ ಮಂಜು

ಎಲ್ಲರಿಗೂ ನಮಸ್ಕಾರ. ನನ್ನದು ಸ್ವಲ್ಪ ಗೋಜಲಿನ ಲೆಕ್ಕ. ತಿಳಿದವರು ಹೇಳಿ.

ಬೆಂಗಳೂರಿನಲ್ಲಿ ಎರಡು ಕಂಪನಿಗಳಲ್ಲಿ ಒಟ್ಟು 7 ವರ್ಷ ಕೆಲಸ ಮಾಡಿದೆ. 2009ರ ಜೂನ್‌ನಿಂದ 2016ರ ಮೇ ತನಕ. ಆಮೇಲೆ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಂಪನಿಗೆ ನೇರವಾಗಿ ಸೇರಿಕೊಂಡೆ. ಅಲ್ಲಿ 2016ರ ಜುಲೈನಿಂದ 2019ರ ನವೆಂಬರ್ ತನಕ 41 ತಿಂಗಳು. ಅಪ್ಪನಿಗೆ ಹುಷಾರಿರಲಿಲ್ಲ, ಊರಿಗೆ ವಾಪಸ್ ಬಂದೆ. ಈಗ ದಾವಣಗೆರೆಯಲ್ಲೇ ಸ್ವಂತ ಕೆಲಸ. ಪಿಎಫ್ ಗಿಎಫ್ ಏನೂ ಇಲ್ಲ.

ಜರ್ಮನಿಯಲ್ಲಿ ಪಿಂಚಣಿ ಬೇಕಾದರೆ ಕನಿಷ್ಠ 60 ತಿಂಗಳು ಕಟ್ಟಿರಬೇಕಂತೆ. ನನ್ನದು 41. ಇಲ್ಲಿ ಪಿಎಫ್ ಜೊತೆಗಿರುವ ಇಪಿಎಸ್ ಪಿಂಚಣಿ ಯೋಜನೆಗೆ 10 ವರ್ಷ ಬೇಕು. ನನ್ನದು 7. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎರಡನ್ನೂ ಕೂಡಿಸುವ ಒಪ್ಪಂದ ಇದೆ ಅಂತ ಗೆಳೆಯನೊಬ್ಬ ಹೇಳಿದ. ಇನ್ನೊಬ್ಬ, "ಸುಮ್ನೆ ಜರ್ಮನಿಯ ದುಡ್ಡು ರೀಫಂಡ್ ತಗೋ, ಇಲ್ಲಿಯ ಇಪಿಎಸ್ಸೂ ತೆಗೆದುಬಿಡು" ಅಂದ. ಯಾರ ಮಾತು ಕೇಳಲಿ? ವಯಸ್ಸು 38.

ಹೆಸರಘಟ್ಟ ಹೈದ

ಗೆಳೆಯ ಹೇಳಿದ್ದು ಸರಿ ಬ್ರದರ್. ಭಾರತ ಮತ್ತು ಜರ್ಮನಿ ನಡುವೆ ಒಪ್ಪಂದ ಇದೆ. 84 ಪ್ಲಸ್ 41, ಒಟ್ಟು 125 ತಿಂಗಳು ಆಯ್ತು. ಜರ್ಮನಿಯವರು ನಿಮ್ಮ ದುಡ್ಡನ್ನು ನಮ್ಮ ಪಿಎಫ್ ಆಫೀಸಿಗೆ ಕಳಿಸುತ್ತಾರೆ. 58 ಆದಾಗ 10 ವರ್ಷ 5 ತಿಂಗಳಿನ ಪಿಂಚಣಿ ಒಟ್ಟಿಗೇ ಇಲ್ಲೇ ಬರುತ್ತದೆ. ನನ್ನ ಕಸಿನ್ ಕೂಡ ಹಾಗೇ ಅಂದಿದ್ದ.

ಪಿಎಫ್ ಮೇಷ್ಟ್ರು

ಹೆಸರಘಟ್ಟದವರೇ, ಅರ್ಧ ಸರಿ. ಒಪ್ಪಂದ ಇದೆ, ತಿಂಗಳುಗಳನ್ನು ಕೂಡಿಸುತ್ತಾರೆ. ಆದರೆ ದುಡ್ಡು ಅಲ್ಲಿಂದ ಇಲ್ಲಿಗೆ ಬರುವುದಿಲ್ಲ, ಇಲ್ಲಿಂದ ಅಲ್ಲಿಗೂ ಹೋಗುವುದಿಲ್ಲ.

ಹೀಗೆ ಯೋಚನೆ ಮಾಡಿ. ಎರಡು ಮನೆ ಇವೆ. ಒಂದೊಂದಕ್ಕೂ ಒಂದು ಹೊಸಿಲು. ಜರ್ಮನಿಯ ಹೊಸಿಲು 60 ತಿಂಗಳು, ನಮ್ಮದು 120. ಹೊಸಿಲು ದಾಟುವುದಕ್ಕೆ ಮಾತ್ರ ಇನ್ನೊಂದು ಮನೆಯ ತಿಂಗಳುಗಳನ್ನು ಎಣಿಸುತ್ತಾರೆ. ಒಳಗೆ ಹೋದ ಮೇಲೆ ಜರ್ಮನಿಯವರು ಬಡಿಸುವುದು ಅವರ ಹತ್ತಿರ ಕಟ್ಟಿದ 41 ತಿಂಗಳಿಗೆ ಮಾತ್ರ. ನಮ್ಮವರು ಕೊಡುವುದು ಇಲ್ಲಿಯ ಸೇವೆಗೆ ಮಾತ್ರ. ಎರಡು ಪಿಂಚಣಿ, ಎರಡು ಕಡೆಯಿಂದ, ಎರಡು ವಯಸ್ಸಿನಲ್ಲಿ. ಇಲ್ಲಿ 58ಕ್ಕೆ. ಅಲ್ಲಿ 1964 ಮತ್ತು ಆಮೇಲೆ ಹುಟ್ಟಿದವರಿಗೆ 67ಕ್ಕೆ.

ತಿಂಗಳು ಕೂಡಿಸುವುದೂ ಸೇರಿದ ಪೂರ್ತಿ ಒಪ್ಪಂದ ಜಾರಿಗೆ ಬಂದದ್ದು 2017ರ ಮೇ 1ರಂದು. ಅದಕ್ಕೂ ಮುಂಚೆ 2009ರಿಂದ ಇನ್ನೊಂದಿತ್ತು. ಅದು ಕಂಪನಿ ಕಳಿಸಿದವರು ಎರಡೂ ಕಡೆ ಕಟ್ಟುವ ತೊಂದರೆ ತಪ್ಪಿಸುವುದಕ್ಕೆ ಮಾಡಿದ್ದು. ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಮಂಜು ಅವರೇ, ಕೂಡಿಸುವ ಮುಂಚೆ ಒಂದು ಪ್ರಶ್ನೆ. ಆ 84 ತಿಂಗಳೂ ಇನ್ನೂ ನಿಮ್ಮ ಹೆಸರಲ್ಲಿ ಇವೆಯಾ? 2012ರ ಸುಮಾರಿಗೆ ಕಂಪನಿ ಬದಲಾಯಿಸಿದಾಗ ಮೊದಲ ಕಂಪನಿಯ ಪಿಎಫ್ ಟ್ರಾನ್ಸ್‌ಫರ್ ಮಾಡಿಸಿದಿರಾ, ಇಲ್ಲ ತೆಗೆದುಕೊಂಡಿರಾ?

ದಾವಣಗೆರೆ ಮಂಜು

ಮೇಷ್ಟ್ರೇ, ಎದೆ ಧಸಕ್ಕೆಂದಿತು. ಆಗ ತಂಗಿಯ ಮದುವೆ. ಮೊದಲ ಕಂಪನಿಯದ್ದು ತೆಗೆದಿದ್ದೆ ಅನ್ನಿಸುತ್ತಿದೆ. ಆದರೆ ಪಿಎಫ್ ಮಾತ್ರ ತೆಗೆದಿದ್ದೆನಾ, ಪಿಂಚಣಿಯ ಭಾಗವನ್ನೂ ತೆಗೆದಿದ್ದೆನಾ ನೆನಪಿಲ್ಲ. ಅವರು ಕೊಟ್ಟ ಕಡೆಯೆಲ್ಲ ಸಹಿ ಹಾಕಿದ್ದೆ, ಅಷ್ಟೇ ಗೊತ್ತು.

ಅಮೆರಿಕದ ಅಳಿಯ

ನನಗೂ ಇದೇ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ 8 ವರ್ಷ ಸೋಷಿಯಲ್ ಸೆಕ್ಯುರಿಟಿ ಕಟ್ಟಿದ್ದೇನೆ. 32 ಕ್ರೆಡಿಟ್ ಆಗಿವೆ. ಬೇಕಾಗಿರುವುದು 40. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ 5 ವರ್ಷ ಇಪಿಎಸ್ ಇತ್ತು. ಹಾಗಾದರೆ ನನ್ನದೂ ದಾಟಿತು ಅಲ್ವಾ? ಫಾರ್ಮ್ ಎಲ್ಲಿ ಸಿಗುತ್ತದೆ?

ಪಿಎಫ್ ಮೇಷ್ಟ್ರು

ಅಳಿಯಂದಿರೇ, ನಿಮಗೆ ಫಾರ್ಮೇ ಇಲ್ಲ. ಭಾರತಕ್ಕೂ ಅಮೆರಿಕಕ್ಕೂ ಇಂಥ ಒಪ್ಪಂದ ಆಗಿಲ್ಲ. ಮಾತುಕತೆ ವರ್ಷಗಟ್ಟಲೆ ನಡೆದಿದೆ, ಕಾಗದಕ್ಕೆ ಬಂದಿಲ್ಲ. ನಿಮ್ಮ 32 ಕ್ರೆಡಿಟ್‌ಗೆ ಬೆಂಗಳೂರಿನ 5 ವರ್ಷ ಒಂದು ದಿನವೂ ಸೇರುವುದಿಲ್ಲ. ಇನ್ನೆರಡು ವರ್ಷ ಅಲ್ಲಿ ದುಡಿದರೆ ದಾಟುತ್ತೀರಿ.

ಮುಂದೆ ಕೆನಡಾಕ್ಕೆ ಹೋಗಿ ದುಡಿದರೆ ಕಥೆ ಬೇರೆ. ಅಮೆರಿಕಕ್ಕೂ ಕೆನಡಾಕ್ಕೂ 1984ರಿಂದ ಒಪ್ಪಂದ ಇದೆ. ಅಲ್ಲಿಯ ವರ್ಷಗಳು ನಿಮ್ಮ ಅಮೆರಿಕದ ಲೆಕ್ಕಕ್ಕೆ ಸೇರುತ್ತವೆ.

ಅಮೆರಿಕದ ಅಳಿಯ

ಭಾರತಕ್ಕೂ ಕೆನಡಾಕ್ಕೂ ಒಪ್ಪಂದ ಇದೆಯಲ್ಲ? ಹಾಗಾದರೆ ಭಾರತದ್ದು ಕೆನಡಾಕ್ಕೆ, ಕೆನಡಾದ್ದು ಅಮೆರಿಕಕ್ಕೆ ಅಂತ ಸರಪಳಿ ಮಾಡಬಹುದಾ?

ಪಿಎಫ್ ಮೇಷ್ಟ್ರು

ಬೀಗರ ಬೀಗರೆಲ್ಲ ನಮಗೆ ಬೀಗರಲ್ಲ. ಕೆನಡಾದಲ್ಲಿ ನೀವೇ ಇದ್ದು ಕಟ್ಟಿದ್ದು ಮಾತ್ರ ಅಮೆರಿಕಕ್ಕೆ ಲೆಕ್ಕ.

ಒಲೆ ಮೇಲಿನ ಹಾಲು

ನಾನೂ 2018ರಿಂದ 2021ರ ತನಕ ಮ್ಯೂನಿಕ್‌ನಲ್ಲಿದ್ದೆ. ಬೆಂಗಳೂರಿನ ಕಂಪನಿಯೇ ಕಳಿಸಿತ್ತು. ಮೂರು ವರ್ಷ ಆಯ್ತು. ಇಲ್ಲಿ ಇಪಿಎಸ್ 9 ವರ್ಷ ಇದೆ. ಅಂದರೆ ನನಗೂ 67ಕ್ಕೆ ಜರ್ಮನಿಯ ಪಿಂಚಣಿ ಗ್ಯಾರಂಟಿ ತಾನೆ? ಮನೆಯವಳಿಗೆ ಹೇಳಿಬಿಟ್ಟಿದ್ದೇನೆ.

ಸ್ಟುಟ್‌ಗಾರ್ಟ್ ಸೀತಾಫಲ

ಮನೆಯವರಿಗೆ ಹೇಳುವ ಮುಂಚೆ ಜರ್ಮನಿಯ ಒಂದು ಸಂಬಳದ ಚೀಟಿ ತೆಗೆದು ನೋಡಬೇಕಿತ್ತು ಸರ್! ಅದರಲ್ಲಿ ಕಡಿತದ ಸಾಲುಗಳಿರುತ್ತವೆ. `RV` ಅಂತ ಒಂದು ಸಾಲು ಇರಬೇಕು. ಅದೇ ಪಿಂಚಣಿ ವಿಮೆಯ ಕಡಿತ. ಒಟ್ಟು ಸಂಬಳದ 9.3 ಶೇಕಡಾ ಹತ್ತಿರ ಇರುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಆ ಸಾಲಿನಲ್ಲಿ ಸೊನ್ನೆ ಇದ್ದರೆ, ಅಥವಾ ಜರ್ಮನ್ ಸಂಬಳದ ಚೀಟಿಯೇ ಇಲ್ಲದಿದ್ದರೆ, ನೀವು ಅಲ್ಲಿ ಏನೂ ಕಟ್ಟಿಲ್ಲ.

ಭಾರತದ ಕಂಪನಿ ಕಳಿಸುವಾಗ ಸಾಮಾನ್ಯವಾಗಿ ಪಿಎಫ್ ಕಚೇರಿಯಿಂದ ಕವರೇಜ್ ಸರ್ಟಿಫಿಕೇಟ್ ಮಾಡಿಸುತ್ತಾರೆ. ಸಿಒಸಿ ಅನ್ನುತ್ತಾರಲ್ಲ, ಅದು. ಅದಿದ್ದರೆ ಜರ್ಮನಿಯ ಪಿಂಚಣಿ ಕಡಿತದಿಂದ ವಿನಾಯಿತಿ. ನಾನು ಇಲ್ಲೇ ಒಂದು ಕಂಪನಿಯ ಎಚ್‌ಆರ್‌ನಲ್ಲಿದ್ದೇನೆ. ಕಂಪನಿ ಕಳಿಸಿದವರು ಬಂದು ಇದೇ ಪ್ರಶ್ನೆ ಕೇಳುತ್ತಲೇ ಇರುತ್ತಾರೆ.

ಒಲೆ ಮೇಲಿನ ಹಾಲು

ಸಿಒಸಿ ಇತ್ತು. ವೀಸಾ ಕಾಗದಗಳ ಜೊತೆ ಕೊಟ್ಟಿದ್ದರು. ಹೋಯ್ತಾ ಹಾಗಾದರೆ?

ಸ್ಟುಟ್‌ಗಾರ್ಟ್ ಸೀತಾಫಲ

ಜರ್ಮನಿಯದು ಇರಲೇ ಇಲ್ಲ, ಹೋಗುವುದೇನು? ಆದರೆ ಆ ಮೂರು ವರ್ಷ ಕಂಪನಿ ಬೆಂಗಳೂರಿನಲ್ಲೇ ಇಪಿಎಸ್ ಕಟ್ಟಿರಬೇಕು. ನೀವು ಹೇಳಿದ 9 ವರ್ಷದಲ್ಲಿ ಅದು ಸೇರಿದೆಯಾ ನೋಡಿ. ಸೇರಿಲ್ಲ ಅಂದರೆ ನಿಮ್ಮದು ಆಗಲೇ 12 ಆಗಿದೆ. ಯಾವ ಒಪ್ಪಂದವೂ ಬೇಡ.

ದಾವಣಗೆರೆ ಮಂಜು

ಹಳೆಯ ಬ್ಯಾಂಕ್ ಪಾಸ್‌ಬುಕ್ ಅಮ್ಮನ ಕಪಾಟಿನಲ್ಲಿತ್ತು. ಅರಿಶಿನ ಕುಂಕುಮ ಹತ್ತಿದೆ, ಆದರೂ ಓದಬಹುದು. 2012ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದಲ್ಲಿ ಎರಡು ಜಮೆ ಇವೆ. ಒಂದು ಒಂದು ಲಕ್ಷಕ್ಕಿಂತ ಜಾಸ್ತಿ. ಇನ್ನೊಂದು 19,370. ಎರಡನೆಯದು ಪಿಎಫ್ ಬಡ್ಡಿ ಇರಬಹುದಾ?

ಪಿಎಫ್ ಮೇಷ್ಟ್ರು

ಅಯ್ಯೋ, ಬಡ್ಡಿ ಅಲ್ಲ. 19,370ನ್ನು 6,500ರಿಂದ ಭಾಗಿಸಿ. 2.98 ಬರುತ್ತದೆ. ಆಗ ಇಪಿಎಸ್ ಸಂಬಳದ ಮಿತಿ 6,500 ಇತ್ತು. ಮೂರು ವರ್ಷ ಸೇವೆಯಾಗಿ ಬಿಟ್ಟವರಿಗೆ ಇಪಿಎಸ್ ದುಡ್ಡು ವಾಪಸ್ ಕೊಡುವ ಕೋಷ್ಟಕದಲ್ಲಿರುವ ಗುಣಕ 2.98. ಅಂದರೆ ನಿಮ್ಮ ಮೊದಲ ಕಂಪನಿಯ ಮೂರು ವರ್ಷದ ಪಿಂಚಣಿ ಹಕ್ಕನ್ನು ನೀವೇ 10ಸಿ ಫಾರ್ಮಿಗೆ ಸಹಿ ಹಾಕಿ ಮಾರಿಬಿಟ್ಟಿದ್ದೀರಿ. ಆ 36 ತಿಂಗಳು ಇನ್ನು ಎಲ್ಲೂ ಲೆಕ್ಕಕ್ಕಿಲ್ಲ. ಇಲ್ಲೂ ಇಲ್ಲ, ಜರ್ಮನಿಯಲ್ಲೂ ಇಲ್ಲ.

ಈಗ ಎರಡನೆಯ ಕಂಪನಿ. 2012ರ ಜೂನ್‌ನಿಂದ 2016ರ ಮೇ. 48 ತಿಂಗಳು. ಅದನ್ನು ಮುಟ್ಟಿದ್ದೀರಾ? ಪಿಎಫ್ ಸದಸ್ಯರ ಪೋರ್ಟಲ್‌ಗೆ ಹೋಗಿ `View` ಒಳಗೆ `Service History` ನೋಡಿ. ಪಾಸ್‌ಬುಕ್‌ನಲ್ಲಿ ಪಿಂಚಣಿಯ ಕಾಲಂ ಕೂಡ ನೋಡಿ.

ದಾವಣಗೆರೆ ಮಂಜು

ನೋಡಿದೆ. ಎರಡನೆಯ ಕಂಪನಿಯದ್ದು ಪೂರ್ತಿ ಇದೆ. ಪಿಂಚಣಿ ಕಾಲಂನಲ್ಲಿ ತಿಂಗಳಿಗೆ 541 ಇತ್ತು, 2014ರ ಕೊನೆಯಿಂದ 1,250 ಆಗಿದೆ. ಕ್ಲೇಮ್ ಏನೂ ಹಾಕಿಲ್ಲ. ಹೋದ ವಾರವಷ್ಟೇ 10ಸಿ ಹಾಕೋಣ ಅಂತ ಕೂತಿದ್ದೆ. ಆಧಾರ್ ಒಟಿಪಿ ಬರಲಿಲ್ಲ, ಬಿಟ್ಟೆ.

ಪಿಎಫ್ ಮೇಷ್ಟ್ರು

ಒಟಿಪಿ ಬಾರದಿದ್ದದ್ದೇ ನಿಮ್ಮ ಪುಣ್ಯ. ಈಗ ಲೆಕ್ಕ ನೋಡೋಣ.

ಜರ್ಮನಿಗೆ 60 ಬೇಕು. ನಿಮ್ಮ 41ಕ್ಕೆ 19 ತಿಂಗಳು ಕಮ್ಮಿ. ಇಲ್ಲಿ 48 ತಿಂಗಳು ಬದುಕಿವೆ. ಒಟ್ಟು 89. ದಾಟಿತು. 67ಕ್ಕೆ ಜರ್ಮನಿಯ ಪಿಂಚಣಿಗೆ ಹಕ್ಕಿದೆ.

ನಮ್ಮ ಇಪಿಎಸ್‌ಗೆ 120 ಬೇಕು. 89 ಸಾಲದು. ಇನ್ನು 31 ತಿಂಗಳು ಎಲ್ಲಾದರೂ ಪಿಎಫ್ ಇರುವ ಕೆಲಸ ಮಾಡಿ ಇಪಿಎಸ್ ಕಟ್ಟಿದರೆ ಅದೂ ದಾಟುತ್ತದೆ. ಆದರೆ ಆ ಪಿಂಚಣಿ ಸಣ್ಣದು. ಸಂಬಳ ಇಂಟು ವರ್ಷ, ಭಾಗಿಸು 70. ಸಂಬಳ ಅಂದರೆ ಹೆಚ್ಚೆಂದರೆ 15,000. ಸೂತ್ರ ಅಷ್ಟೇ. ಆರೂವರೆ ಏಳು ವರ್ಷಕ್ಕೆ ಕೈಗೆ ಬರುವುದು ತಿಂಗಳಿಗೆ ಹೆಚ್ಚೆಂದರೆ ಒಂದೂವರೆ ಸಾವಿರ. ಅದಕ್ಕೋಸ್ಕರ ದಾವಣಗೆರೆ ಬಿಟ್ಟು ಬರಬೇಡಿ.

ನಿಜವಾದ ವಿಷಯ ಇಲ್ಲಿದೆ. ಈಗ 10ಸಿ ಹಾಕಿ ಆ 48 ತಿಂಗಳನ್ನೂ ತೆಗೆದಿದ್ದರೆ ಸುಮಾರು 60 ಸಾವಿರ ರೂಪಾಯಿ ಬರುತ್ತಿತ್ತು. ನಾಲ್ಕು ವರ್ಷದ ಗುಣಕ 3.99, ಇಂಟು 15,000. ಆ ದುಡ್ಡಿನ ಜೊತೆಗೇ ಜರ್ಮನಿಯ ಪಿಂಚಣಿಯ ಹಕ್ಕೂ ಹೋಗುತ್ತಿತ್ತು. 41ರ ಪಕ್ಕ ನಿಲ್ಲಿಸಲು ಏನೂ ಉಳಿಯುತ್ತಿರಲಿಲ್ಲ.

10ಸಿ ಫಾರ್ಮಿನಲ್ಲಿ ಎರಡು ದಾರಿ ಇವೆ. ಒಂದು ದುಡ್ಡು ತೆಗೆಯುವುದು. ಇನ್ನೊಂದು ಸ್ಕೀಮ್ ಸರ್ಟಿಫಿಕೇಟ್ ಪಡೆಯುವುದು. ಎರಡನೆಯದರಲ್ಲಿ ಸೇವೆ ಹಾಗೇ ಉಳಿಯುತ್ತದೆ, ಕೈಗೆ ಒಂದು ದಾಖಲೆ ಬರುತ್ತದೆ. ದುಡ್ಡಿನ ಅಡಚಣೆ ಇದ್ದರೆ ಪಿಎಫ್ ಮೊತ್ತ ಬೇಕಾದರೆ ತೆಗೆಯಿರಿ, ಅದು ಬೇರೆ ಫಾರ್ಮ್, 19. ಅದರಿಂದ ಪಿಂಚಣಿಯ ತಿಂಗಳಿಗೆ ಏನೂ ಆಗುವುದಿಲ್ಲ. ಎರಡು ಫಾರ್ಮನ್ನೂ ಒಟ್ಟಿಗೆ ಮುಂದೆ ಇಡುತ್ತಾರೆ, ಜನ ಎರಡಕ್ಕೂ ಸಹಿ ಹಾಕುತ್ತಾರೆ. 2012ರಲ್ಲಿ ನಿಮಗೆ ಆದದ್ದೂ ಅದೇ.

ಹೆಸರಘಟ್ಟ ಹೈದ

ಒಪ್ಪಿದೆ ಮೇಷ್ಟ್ರೇ, ಕಸಿನ್‌ಗೂ ಹೇಳುತ್ತೇನೆ. ಆದರೆ ಜರ್ಮನಿಯ ಪಿಂಚಣಿ ಅಂದರೆ ಎಷ್ಟು ಬರಬಹುದು? 41 ತಿಂಗಳಿಗೆ ಒಂದು ಬಿರಿಯಾನಿ ದುಡ್ಡಾದರೂ ಆಗುತ್ತದಾ?

ಸ್ಟುಟ್‌ಗಾರ್ಟ್ ಸೀತಾಫಲ

ಅದನ್ನು ನಾನು ಹೇಳುತ್ತೇನೆ. ಇಲ್ಲಿ ಅಂಕಗಳ ಲೆಕ್ಕ. ಆ ವರ್ಷ ದೇಶದ ಸರಾಸರಿ ಸಂಬಳ ಎಷ್ಟೋ ಅಷ್ಟೇ ನಿಮ್ಮದೂ ಇದ್ದರೆ ವರ್ಷಕ್ಕೆ ಒಂದು ಅಂಕ. ಜಾಸ್ತಿ ಇದ್ದರೆ ಜಾಸ್ತಿ. 67ಕ್ಕೆ ಒಟ್ಟು ಅಂಕವನ್ನು ಆಗಿನ ಅಂಕದ ಬೆಲೆಯಿಂದ ಗುಣಿಸುತ್ತಾರೆ. 2025ರ ಜುಲೈನಿಂದ ಒಂದು ಅಂಕಕ್ಕೆ ತಿಂಗಳಿಗೆ 40.79 ಯೂರೋ.

ಮಂಜು, ಆಗ ನಿಮ್ಮ ಸಂಬಳ ಎಷ್ಟಿತ್ತು?

ದಾವಣಗೆರೆ ಮಂಜು

ವರ್ಷಕ್ಕೆ 46 ಸಾವಿರ ಯೂರೋ ಆಸುಪಾಸು. ಕೊನೆಯ ತನಕ ಹೆಚ್ಚೇನೂ ಏರಲಿಲ್ಲ.

ಸ್ಟುಟ್‌ಗಾರ್ಟ್ ಸೀತಾಫಲ

ಆ ವರ್ಷಗಳಲ್ಲಿ ಸರಾಸರಿ 36ರಿಂದ 39 ಸಾವಿರದ ಒಳಗಿತ್ತು. ಅಂದರೆ ನಿಮಗೆ ವರ್ಷಕ್ಕೆ ಸುಮಾರು 1.2 ಅಂಕ. ಮೂರು ವರ್ಷ ಐದು ತಿಂಗಳಿಗೆ 4.1. ಇವತ್ತಿನ ಬೆಲೆಯಲ್ಲಿ ತಿಂಗಳಿಗೆ 167 ಯೂರೋ. ಬಿರಿಯಾನಿ ಇಡೀ ಓಣಿಗೆ ಆಗುತ್ತದೆ ಹೆಸರಘಟ್ಟದವರೇ.

ನಿಮಗೆ ಜರ್ಮನಿಯಿಂದ ವರ್ಷವರ್ಷ ಕಾಗದ ಬರುತ್ತಿಲ್ಲ ಅಂತ ಗಾಬರಿ ಬೇಡ. ಆ ವಾರ್ಷಿಕ ಪತ್ರ ಕಳಿಸುವುದು 60 ತಿಂಗಳು ಕಟ್ಟಿದವರಿಗೆ. ನಿಮ್ಮ ವಿಮಾ ಸಂಖ್ಯೆ ಇಟ್ಟುಕೊಂಡು ನೀವೇ ಪಿಂಚಣಿ ಸಂಸ್ಥೆಗೆ ಬರೆದು ಸೇವಾ ವಿವರ ಕೇಳಿ. 41 ತಿಂಗಳೂ ಸರಿಯಾಗಿ ದಾಖಲಾಗಿವೆಯಾ ಈಗಲೇ ನೋಡಿಕೊಳ್ಳಿ. ಇನ್ನು 29 ವರ್ಷ ಆದ ಮೇಲೆ ಆ ಕಂಪನಿ ಇರುತ್ತದೋ ಇಲ್ಲವೋ.

ಜಿಪುಣ ಜಯಣ್ಣ

ನಾನೊಂದು ಬೇರೆ ಮಾತು ಹೇಳಲಾ? ರೀಫಂಡ್ ತೆಗೆದುಕೊಳ್ಳಿ. ಯುರೋಪ್ ಒಕ್ಕೂಟದ ಹೊರಗಿದ್ದೀರಿ, ಕೆಲಸ ಬಿಟ್ಟು 24 ತಿಂಗಳು ಯಾವತ್ತೋ ಆಯ್ತು, 60 ತಿಂಗಳು ಕಟ್ಟಿಲ್ಲ. ನಿಮ್ಮ ಸಂಬಳದಿಂದ ಕಡಿದ ಭಾಗ ವಾಪಸ್ ಬರುತ್ತದೆ. ನಾನು ಮೂರು ವರ್ಷದ ಹಿಂದೆ ತೆಗೆದುಕೊಂಡೆ, ಬಂತು. ಪಿಂಚಣಿಗೆ ನಿಮಗೆ 67 ಆಗಬೇಕು. ಅಷ್ಟು ದಿನ ಯಾರು ಬದುಕಿರುತ್ತಾರೋ ಯಾರು ಕಂಡಿದ್ದಾರೆ?

ಸ್ಟುಟ್‌ಗಾರ್ಟ್ ಸೀತಾಫಲ

ಬರುವುದು ನೌಕರನ ಅರ್ಧ ಮಾತ್ರ ಅಂತಲೂ ಹೇಳಿ ಜಯಣ್ಣ. ಕಂಪನಿ ಹಾಕಿದ ಇನ್ನರ್ಧ ಅಲ್ಲೇ ಉಳಿಯುತ್ತದೆ. ಬಡ್ಡಿಯೂ ಇಲ್ಲ. ಮಂಜು ಅವರ ಲೆಕ್ಕದಲ್ಲಿ ಸುಮಾರು 14,600 ಯೂರೋ. ಒಮ್ಮೆ ತೆಗೆದುಕೊಂಡರೆ ಆ 41 ತಿಂಗಳು ಅಳಿಸಿಹೋದ ಹಾಗೆ. ಯಾವ ಒಪ್ಪಂದಕ್ಕೂ ಮತ್ತೆ ಬರುವುದಿಲ್ಲ. ನಾಳೆ ಮತ್ತೆ ಜರ್ಮನಿಗೆ ಬಂದರೂ ಸೊನ್ನೆಯಿಂದ ಶುರು.

ತಿಂಗಳಿಗೆ 167 ಅಂದರೆ ವರ್ಷಕ್ಕೆ 2,000 ಯೂರೋ. ಏಳೂಕಾಲು ವರ್ಷದಲ್ಲಿ ರೀಫಂಡಿನ ದುಡ್ಡು ಪೂರ್ತಿ ಬಂದಿರುತ್ತದೆ. 75ರ ಆಮೇಲೆ ಬರುವುದೆಲ್ಲ ಲಾಭ.

ಜಿಪುಣ ಜಯಣ್ಣ

ಮೇಡಂ, ನಿಮ್ಮ ಲೆಕ್ಕದಲ್ಲಿ ನಡುವಿನ 29 ವರ್ಷ ಎಲ್ಲಿ ಹೋಯ್ತು? 14,600 ಯೂರೋ ಅಂದರೆ ಸುಮಾರು 14 ಲಕ್ಷ ರೂಪಾಯಿಗೂ ಮೇಲೆ. 7 ಪರ್ಸೆಂಟಿಗೆ ಇಟ್ಟರೆ ಹತ್ತು ವರ್ಷಕ್ಕೆ ಎರಡರಷ್ಟು. 29 ವರ್ಷಕ್ಕೆ ಏಳು ಪಟ್ಟು. ಕೋಟಿ ಹತ್ತಿರ. ಆ ಕೋಟಿಯ ಬಡ್ಡಿ ನಿಮ್ಮ ಪಿಂಚಣಿಗಿಂತ ಜಾಸ್ತಿ ಆಗುವುದಿಲ್ವಾ? ನನ್ನನ್ನು ಜಿಪುಣ ಅಂತ ಸುಮ್ನೆ ಕರೆಯಲ್ಲ.

ಸ್ಟುಟ್‌ಗಾರ್ಟ್ ಸೀತಾಫಲ

ಬಡ್ಡಿಗೆ ತೆರಿಗೆ ಇದೆ. 29 ವರ್ಷ ಒಂದೇ ಸಮ 7 ಸಿಗುತ್ತದೆ ಅನ್ನುವ ಧೈರ್ಯ ನನಗಿಲ್ಲ. ಆ ಕಡೆ ಅಂಕದ ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಇಲ್ಲಿಯ ಸಂಬಳ ಏರಿದ ಹಾಗೆ ಅದೂ ಏರುತ್ತದೆ. ಯೂರೋ ಬೆಲೆ ಕೂಡ ರೂಪಾಯಿ ಎದುರು ಇಷ್ಟೇ ಇರುವುದಿಲ್ಲ. ಆದರೂ ನಿಮ್ಮ ಮಾತು ತಳ್ಳಿಹಾಕುವ ಹಾಗಿಲ್ಲ. 38 ವಯಸ್ಸಿನವರಿಗೆ ಶಿಸ್ತಾಗಿ ಹೂಡಿಕೆ ಮಾಡುವ ಅಭ್ಯಾಸ ಇದ್ದರೆ ರೀಫಂಡ್ ಕೆಟ್ಟದ್ದೇನಲ್ಲ. 55 ವಯಸ್ಸಿನವರಾಗಿದ್ದರೆ ನಾನು ಬೇಡ ಅನ್ನುತ್ತಿದ್ದೆ.

ಸರಸ್ವತಿಪುರಂ ಶಾರದಮ್ಮ

ನಾನು ಇಲ್ಲಿ ಬರೆಯುವುದು ಕಡಿಮೆ. ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ನಮ್ಮ ಯಜಮಾನರು 1996ರಿಂದ 2004ರ ತನಕ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದರು. ಆಮೇಲೆ ಜರ್ಮನಿಯಲ್ಲಿ 44 ತಿಂಗಳು. ವಾಪಸ್ ಬಂದ ಮೇಲೆ ಇಲ್ಲೇ ಒಂದು ವರ್ಕ್‌ಶಾಪ್ ಹಾಕಿಕೊಂಡರು. 2021ರಲ್ಲಿ ಹೋಗಿಬಿಟ್ಟರು. ಅವರ ಟ್ರಂಕಿನಲ್ಲಿ ಮದುವೆಯ ಪಂಚೆಯ ಕೆಳಗೆ ಒಂದು ಸ್ಕೀಮ್ ಸರ್ಟಿಫಿಕೇಟ್ ಇತ್ತು. ಅದೇನು ಅಂತ ನನಗೆ ಗೊತ್ತಿರಲಿಲ್ಲ. ರದ್ದಿಗೆ ಹಾಕುವುದರಲ್ಲಿದ್ದೆ.

ನಮ್ಮ ಅಳಿಯ ನೋಡಿ ಹೇಳಿದರು. ಬೆಂಗಳೂರಿನ ತಿಂಗಳುಗಳನ್ನು ಸೇರಿಸಿದ್ದರಿಂದ ಜರ್ಮನಿಯವರು ನನಗೆ ವಿಧವಾ ಪಿಂಚಣಿ ಕೊಟ್ಟರು. ಅವರಿಗೆ ಬರಬೇಕಿದ್ದದ್ದರಲ್ಲಿ ಒಂದು ಭಾಗ. ದೊಡ್ಡ ಮೊತ್ತ ಅಲ್ಲ. ನನ್ನ ಔಷಧಿಗೂ ಹಾಲಿಗೂ ಆಗುತ್ತದೆ, ಮಕ್ಕಳನ್ನು ಕೇಳಬೇಕಾಗಿಲ್ಲ.

ಆದರೆ ಕೈಗೆ ಬರಲು 14 ತಿಂಗಳು ಹಿಡಿಯಿತು. ಕಾರಣ ಹೆಸರು. ಕಾರ್ಖಾನೆಯ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದರು. ಜರ್ಮನಿಯಲ್ಲಿ ಊರಿನ ಹೆಸರೇ ಮನೆತನದ ಹೆಸರಾಯಿತು. ಅಲ್ಲಿಯವರಿಗೆ ಇವರಿಬ್ಬರೂ ಒಬ್ಬರೇ ಅಂತ ಹೇಗೆ ಗೊತ್ತಾಗಬೇಕು? ಒಂದಾದ ಮೇಲೊಂದು ಅಫಿಡವಿಟ್ ಮಾಡಿಸಿದ್ದೇ ಮಾಡಿಸಿದ್ದು.

ಪಿಎಫ್ ಮೇಷ್ಟ್ರು

ಅಮ್ಮಾ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ನಮ್ಮ ಕಡೆಯವರ ಅರ್ಧ ಫೈಲು ನಿಲ್ಲುವುದೇ ಈ ಇನಿಷಿಯಲ್‌ನಲ್ಲಿ.

ಮಂಜು, ನಿಮ್ಮದು ಹೇಗಿದೆ ನೋಡಿ. ಪಿಎಫ್‌ನಲ್ಲಿ ಏನಿದೆ, ಜರ್ಮನಿಯ ಕಾಗದದಲ್ಲಿ ಏನಿದೆ?

ದಾವಣಗೆರೆ ಮಂಜು

ಪಿಎಫ್‌ನಲ್ಲಿ `MANJUNATH S`. ಆಧಾರ್‌ನಲ್ಲಿ `MANJUNATHA S`, ಕೊನೆಗೊಂದು ಎ ಜಾಸ್ತಿ. ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು, `SIDDAPPA`. ಸ್ಟುಟ್‌ಗಾರ್ಟ್‌ನಲ್ಲಿ ಮೂರೂವರೆ ವರ್ಷ ಎಲ್ಲರೂ ನನ್ನನ್ನು "ಹೆರ್ ಸಿದ್ದಪ್ಪ" ಅಂತಲೇ ಕರೆದರು. ಅಪ್ಪ ಫೋನಿನಲ್ಲಿ ಕೇಳಿ ನಕ್ಕಿದ್ದೇ ನಕ್ಕಿದ್ದು.

ಸ್ಟುಟ್‌ಗಾರ್ಟ್ ಸೀತಾಫಲ

ಜರ್ಮನಿಯ ವಿಮಾ ಸಂಖ್ಯೆಯ ನಡುವೆ ಒಂದು ಅಕ್ಷರ ಇರುತ್ತದೆ, ಅದು ಹುಟ್ಟಿನ ಮನೆತನದ ಹೆಸರಿನ ಮೊದಲ ಅಕ್ಷರ. ಅದಕ್ಕಿಂತ ಮೊದಲು ಬರುವ ಆರು ಅಂಕಿ ಹುಟ್ಟಿದ ದಿನ. ನಿಮ್ಮದರಲ್ಲಿ `S` ಇರಬೇಕು. ಹುಟ್ಟಿದ ದಿನವೂ ಸರಿ ಇದೆಯಾ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು, ಪಾಸ್‌ಪೋರ್ಟ್‌ನಲ್ಲಿರುವ ತಾರೀಖು ಬೇರೆ ಬೇರೆ ಇದ್ದವರನ್ನು ನೋಡಿದ್ದೇನೆ.

ಪಿಎಫ್ ಮೇಷ್ಟ್ರು

ಆ ಎ ಅಕ್ಷರವನ್ನು ಈಗಲೇ ಸರಿ ಮಾಡಿಸಿ. ಜಾಯಿಂಟ್ ಡಿಕ್ಲರೇಶನ್ ಅಂತ ಇದೆ, ನೀವೂ ಹಳೆಯ ಕಂಪನಿಯೂ ಸೇರಿ ಕೊಡುವುದು. ಕಂಪನಿ ಬಾಗಿಲು ಹಾಕಿಕೊಂಡ ಮೇಲೆ ಸಹಿಗೆ ಅಲೆಯಬೇಕಾಗುತ್ತದೆ. ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯಾ, ಅದನ್ನೂ ನೋಡಿ. ಅದು ಖಾಲಿ ಇದ್ದರೆ 48 ತಿಂಗಳು ಎಲ್ಲಿ ಮುಗಿಯಿತು ಅಂತ ಯಾರೂ ಬರೆದುಕೊಡುವುದಿಲ್ಲ.

67ಕ್ಕೆ ಅರ್ಜಿ ಹಾಕಲು ಜರ್ಮನಿಗೇ ಹೋಗಬೇಕಿಲ್ಲ. ಇಲ್ಲಿಯ ಪಿಎಫ್ ಕಚೇರಿಯಲ್ಲಿ ಕೊಟ್ಟರೂ ನಡೆಯುತ್ತದೆ. ಅವರು ಇಲ್ಲಿಯ ತಿಂಗಳುಗಳನ್ನು ದೃಢೀಕರಿಸಿ ಆ ಕಡೆ ಕಳಿಸುತ್ತಾರೆ.

ಸರಸ್ವತಿಪುರಂ ಶಾರದಮ್ಮ

ಪಿಂಚಣಿ ಶುರುವಾದ ಮೇಲೂ ಒಂದು ಕೆಲಸ ಇದೆ ಮಗು. ವರ್ಷಕ್ಕೊಮ್ಮೆ ಜರ್ಮನಿಯ ಅಂಚೆಯಿಂದ ಜೀವಂತ ಇದ್ದೇನೆ ಅನ್ನುವ ಫಾರ್ಮ್ ಬರುತ್ತದೆ. ಸಹಿ ಮಾಡಿಸಿ ವಾಪಸ್ ಕಳಿಸಬೇಕು. ಮೊದಲ ವರ್ಷ ಒಂದು ಬ್ಯಾಂಕಿನಲ್ಲಿ, "ನಮ್ಮ ಫಾರ್ಮ್ ಅಲ್ಲ, ಸಹಿ ಹಾಕಲ್ಲ" ಅಂದರು. ನಾನು ಎದುರಿಗೇ ನಿಂತಿದ್ದೆ!

ತುಮಕೂರು ಟೆಕ್ಕಿ

ತಡವಾಗಿ ಬಂದೆ, ಕ್ಷಮಿಸಿ. ನಾನು ಕೆಲಸಕ್ಕೆ ಸೇರಿದ್ದೇ 2017ರಲ್ಲಿ. ಬೇಸಿಕ್ ಸಂಬಳ 15,000ಕ್ಕಿಂತ ಜಾಸ್ತಿ ಇತ್ತು. ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂ ಪೂರ್ತಿ ಸೊನ್ನೆ. ಪಿಎಫ್ ಮಾತ್ರ ಇದೆ. ಐದು ವರ್ಷ ಇಲ್ಲಿ, ಈಗ ಬರ್ಲಿನ್‌ನಲ್ಲಿ ಎರಡು ವರ್ಷ. ನನ್ನದು ಕೂಡುತ್ತದಾ?

ಪಿಎಫ್ ಮೇಷ್ಟ್ರು

2014ರ ಸೆಪ್ಟೆಂಬರ್ 1ರ ಆಮೇಲೆ ಹೊಸದಾಗಿ ಸೇರಿ, ಸಂಬಳ ಮಿತಿಗಿಂತ ಜಾಸ್ತಿ ಇದ್ದವರನ್ನು ಇಪಿಎಸ್‌ಗೆ ಸೇರಿಸುವುದಿಲ್ಲ. ನಿಮ್ಮ ಸೊನ್ನೆ ತಪ್ಪಲ್ಲ, ನಿಯಮವೇ ಹಾಗೆ. ಒಪ್ಪಂದದಲ್ಲಿ ನಮ್ಮ ಕಡೆಯಿಂದ ಹೋಗುವುದು ಪಿಂಚಣಿ ಯೋಜನೆಯ ತಿಂಗಳುಗಳು. ಬರೀ ಪಿಎಫ್ ಇದ್ದ ತಿಂಗಳು ಸೇರುವುದಿಲ್ಲ ಅಂತಲೇ ನನ್ನ ತಿಳುವಳಿಕೆ. ಲಿಖಿತವಾಗಿ ಕೇಳಿ. ಉತ್ತರ ಬಂದರೆ ಇಲ್ಲಿ ಹಾಕಿ, ನನಗೂ ಬೇಕು.

ಮಂಜು ಅವರಿಗೂ ಇದರಲ್ಲಿ ಒಂದು ಪಾಲಿದೆ. 48 ತಿಂಗಳನ್ನು ತೆಗೆಯದೆ ಉಳಿಸಿಕೊಂಡರೆ ಅವರು ಹಳೆಯ ಸದಸ್ಯರು. ನಾಳೆ ಎಷ್ಟೇ ಸಂಬಳದ ಕೆಲಸಕ್ಕೆ ಸೇರಿದರೂ ಇಪಿಎಸ್ ಮುಂದುವರಿಸಬಹುದು. ತೆಗೆದರೆ ಟೆಕ್ಕಿಯವರ ಸಾಲಿಗೆ ಬರುತ್ತಾರೆ.

ತುಮಕೂರು ಟೆಕ್ಕಿ

ಹಾಗಾದರೆ ನಾನು ಇಲ್ಲೇ ಇನ್ನು ಮೂರು ವರ್ಷ ಇದ್ದು 60 ಮುಗಿಸುವುದೇ ಸರಿ ಅನ್ನಿಸುತ್ತದೆ. ನಡುವೆ ಆಮ್‌ಸ್ಟರ್‌ಡ್ಯಾಮ್‌ನಿಂದ ಒಂದು ಆಫರ್ ಇದೆ. ಅಲ್ಲಿಯ ತಿಂಗಳು?

ಸ್ಟುಟ್‌ಗಾರ್ಟ್ ಸೀತಾಫಲ

ನೆದರ್‌ಲ್ಯಾಂಡ್ಸ್ ಯುರೋಪ್ ಒಕ್ಕೂಟದೊಳಗೇ ಇದೆ. ಕಾನೂನುಬದ್ಧವಾಗಿ ಇದ್ದು ಕೆಲಸ ಮಾಡಿದ ಭಾರತೀಯರಿಗೂ ಅಲ್ಲಿಯ ತಿಂಗಳುಗಳನ್ನು ಜರ್ಮನಿಯ 60ಕ್ಕೆ ಎಣಿಸುತ್ತಾರೆ. ಹೋಗಿಬನ್ನಿ.

ಜಿಪುಣ ಜಯಣ್ಣ

ಕೊನೆಗೆ ಮಂಜು ಏನು ಮಾಡುತ್ತೀರಿ ಹೇಳಿ. ನನಗೆ ನಿದ್ದೆ ಬರಲ್ಲ.

ದಾವಣಗೆರೆ ಮಂಜು

ಇಪಿಎಸ್ ಮುಟ್ಟುವುದಿಲ್ಲ, ಅದು ಖಾತ್ರಿ. ಈ ವಾರ ಸ್ಕೀಮ್ ಸರ್ಟಿಫಿಕೇಟ್‌ಗೆ ಹಾಕುತ್ತೇನೆ. ಅದಕ್ಕೂ ಮುಂಚೆ ಆ ಎ ಅಕ್ಷರ ಸರಿ ಮಾಡಿಸಬೇಕು. ಹಳೆಯ ಕಂಪನಿಯ ಎಚ್‌ಆರ್‌ಗೆ ಬೆಳಿಗ್ಗೆಯೇ ಮೇಲ್ ಹಾಕಿದೆ. ಜರ್ಮನಿಗೆ ಸೇವಾ ವಿವರ ಕೇಳಿ ಕಾಗದ ಬರೆದಿದ್ದೇನೆ.

ರೀಫಂಡ್ ವಿಷಯ ಇನ್ನೂ ತೀರ್ಮಾನ ಮಾಡಿಲ್ಲ ಜಯಣ್ಣ. ನಿಮ್ಮ ಕೋಟಿ ಲೆಕ್ಕ ಹೆಂಡತಿಗೆ ತೋರಿಸಿದೆ. ಅವಳು ಶಾರದಮ್ಮನವರು ಬರೆದದ್ದನ್ನು ಓದಿ, "ನಿಮ್ಮ ಟ್ರಂಕ್ ಎಲ್ಲಿದೆ ಮೊದಲು ಹೇಳಿ" ಅಂದಳು.